ಅಡಿಟಿಪ್ಪಣಿ ಸಂಖ್ಯೆ ಎರಡು

ತುಂಬಾ ದಿನಗಳಾಯ್ತು ಇಲ್ಲಿ ಏನೂ ಬರೆಯದೆ. ಕಾರಣ ಕೇಳಬೇಡಿ, ಸೋಮಾರಿತನ ಅಷ್ಟೇ :) ಹೋದ ಭಾನುವಾರ ಅಟ್ಟ ಕ್ಲೀನ್ ಮಾಡ್ತಿದ್ದಾಗ ಒಂದು ಹಳೇ ನೋಟ್‌ಬುಕ್ ಸಿಕ್ತು. ನಾನು ಸಿ.ಎ. ಓದುವಾಗ ಬೆಂಗಳೂರಿನ ಒಂದು ಆಡಿಟ್ ಕಚೇರಿಯಲ್ಲಿ ಆರ್ಟಿಕಲ್ ಕ್ಲರ್ಕ್ ಆಗಿದ್ದೆನಲ್ಲ, ಆಗಿನದ್ದು. 1995ರ ಇಸವಿ. ಅದರ ಒಂದು ಪುಟದಲ್ಲಿ ನಾಲ್ಕು ಹೆಸರು, ನಾಲ್ಕಕ್ಕೂ ಒಂದೇ ಫೋನ್ ನಂಬರ್, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆ. ಆ ಚಿಹ್ನೆಗೆ ನಾನು ಉತ್ತರ ಹುಡುಕಲೇ ಇಲ್ಲ. ಆ ಕಥೆಗೆ ಆಮೇಲೆ ಬರ್ತೀನಿ. ಅದಕ್ಕೆ ಮೊದಲು ಅಮೆರಿಕದಲ್ಲಿ ನಡೆದ ಒಂದು ಹಳೇ ಪ್ರಕರಣ ಹೇಳಬೇಕು. ಯಾಕಂದ್ರೆ ನನ್ನ ನೋಟ್‌ಬುಕ್‌ನಲ್ಲಿದ್ದ ತಪ್ಪು ಏನು ಅನ್ನೋದು ನನಗೆ ಸರಿಯಾಗಿ ಅರ್ಥವಾಗಿದ್ದೇ ಆ ಪ್ರಕರಣದ ತೀರ್ಪು ಓದಿದ ಮೇಲೆ.

ವಿಷಯ ಇಷ್ಟು. ಒಂದು ಕಂಪನಿ ಹೊರಗಿನವರ ಜೊತೆ ವ್ಯವಹಾರ ಮಾಡಿದರೆ ಚೌಕಾಸಿ ನಡೆಯುತ್ತೆ. ಆದರೆ ಕಂಪನಿಯನ್ನು ನಡೆಸುವವನು ತನ್ನದೇ ಇನ್ನೊಂದು ಕಂಪನಿಯ ಜೊತೆಗೋ, ಮಗನ ಸಂಸ್ಥೆಯ ಜೊತೆಗೋ ವ್ಯವಹಾರ ಮಾಡಿದರೆ ಮೇಜಿನ ಎರಡೂ ಕಡೆ ಅವನೇ ಕೂತಿರ್ತಾನೆ. ಲೆಕ್ಕದ ಭಾಷೆಯಲ್ಲಿ ಇಂಥವರಿಗೆ ರಿಲೇಟೆಡ್ ಪಾರ್ಟಿ ಅಂತಾರೆ. ನಮ್ಮ ಮಾತಲ್ಲಿ ‘ಸ್ವಂತದವರು’ ಅನ್ನಿ. ಇಂಥ ವ್ಯವಹಾರ ಮಾಡಿದ್ದೇ ತಪ್ಪಲ್ಲ. ಮಾಡಿದ್ದನ್ನು ಷೇರುದಾರರಿಗೆ, ಸಾಲ ಕೊಟ್ಟವರಿಗೆ ಹೇಳಬೇಕು ಅನ್ನೋದು ನಿಯಮ. ಹೇಳುವ ಜಾಗ ಬ್ಯಾಲೆನ್ಸ್ ಶೀಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರುವ ಟಿಪ್ಪಣಿಗಳು. ಕಥೆ ಇರೋದೇ ಅಲ್ಲಿ.

*

ಕಾಂಟಿನೆಂಟಲ್ ವೆಂಡಿಂಗ್ ಮಷೀನ್ ಕಾರ್ಪೊರೇಷನ್ ಅಂತ ಒಂದು ಕಂಪನಿ. ಕಾಸು ಹಾಕಿದರೆ ಸಿಗರೇಟು, ತಿಂಡಿ ಕೊಡುತ್ತಲ್ಲ, ಅಂಥ ಯಂತ್ರಗಳ ವ್ಯಾಪಾರ. ಅಮೆರಿಕನ್ ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ಅದರ ಷೇರು ನಡೀತಿತ್ತು. ಅಧ್ಯಕ್ಷ ಹೆರಾಲ್ಡ್ ರಾತ್. ಈ ರಾತ್‌ಗೆ ಇನ್ನೊಂದು ಕಂಪನಿಯಲ್ಲೂ ಪಾಲಿತ್ತು. ಅದರ ಹೆಸರು ವ್ಯಾಲಿ ಕಮರ್ಷಿಯಲ್ ಕಾರ್ಪೊರೇಷನ್. ಬಡ್ಡಿಗೆ ಹಣ ಕೊಡೋದು ಅದರ ಕೆಲಸ. ಅದರ ಕಚೇರಿ ಎಲ್ಲಿತ್ತು ಅಂದುಕೊಂಡಿರಿ? ಕಾಂಟಿನೆಂಟಲ್‌ನ ಕಟ್ಟಡದಲ್ಲೇ ಒಂದು ಕೋಣೆ. ನಡೆಸ್ತಿದ್ದವನು ರಾತೇ.

ಎರಡೂ ಕಂಪನಿಗಳ ನಡುವೆ ಹಣ ಎರಡು ದಿಕ್ಕಿನಲ್ಲಿ ಓಡಾಡ್ತಿತ್ತು. ಮೊದಲನೇದು ಹೀಗೆ. ಕಾಂಟಿನೆಂಟಲ್ ತಾನು ಇಷ್ಟು ಹಣ ಕೊಡ್ತೀನಿ ಅಂತ ವ್ಯಾಲಿಗೆ ಪ್ರಾಮಿಸರಿ ನೋಟು ಬರೆದುಕೊಡ್ತಿತ್ತು. ವ್ಯಾಲಿ ಆ ನೋಟನ್ನು ಬ್ಯಾಂಕಿಗೆ ಒಪ್ಪಿಸಿ, ಸಾಲ ಎತ್ತಿ, ಬಂದ ಹಣವನ್ನು ಕಾಂಟಿನೆಂಟಲ್‌ಗೆ ಕೊಡ್ತಿತ್ತು. ಅಂದರೆ ಕಾಂಟಿನೆಂಟಲ್ ವ್ಯಾಲಿಗೆ ಕೊಡಬೇಕಾದ ಬಾಕಿ. 1962ರ ಸೆಪ್ಟೆಂಬರ್ 30ಕ್ಕೆ, ಅಂದರೆ ಲೆಕ್ಕದ ವರ್ಷದ ಕೊನೆಯ ದಿನ, ಇದು ಸುಮಾರು 10 ಲಕ್ಷ 29 ಸಾವಿರ ಡಾಲರ್.

ಎರಡನೇ ದಿಕ್ಕು ಮುಖ್ಯ. ಕಾಂಟಿನೆಂಟಲ್ ನೇರವಾಗಿ ವ್ಯಾಲಿಗೆ ಸಾಲ ಕೊಡ್ತಿತ್ತು. ವ್ಯಾಲಿ ಅದನ್ನು ರಾತ್‌ಗೆ ಸಾಲ ಕೊಡ್ತಿತ್ತು. ರಾತ್ ಅದನ್ನು ತಗೊಂಡು ಸ್ಟಾಕ್ ಮಾರ್ಕೆಟ್‌ನಲ್ಲಿ ಆಡ್ತಿದ್ದ. 1957ರಿಂದ ಇದೇ ಅಭ್ಯಾಸ. 1962ರ ಸೆಪ್ಟೆಂಬರ್ ಕೊನೆಗೆ ವ್ಯಾಲಿಯಿಂದ ಕಾಂಟಿನೆಂಟಲ್‌ಗೆ ಬರಬೇಕಾದ ಬಾಕಿ ಸುಮಾರು 35 ಲಕ್ಷ 43 ಸಾವಿರ ಡಾಲರ್ ಆಗಿತ್ತು. ಮಾರ್ಕೆಟ್ ಬಿದ್ದಿತ್ತು, ರಾತ್ ಹತ್ತಿರ ವಾಪಸ್ ಕೊಡಲು ಹಣ ಇರಲಿಲ್ಲ. ರಾತ್ ಕೊಡದಿದ್ದರೆ ವ್ಯಾಲಿ ಕೊಡೋಕಾಗಲ್ಲ. ವ್ಯಾಲಿ ಕೊಡದಿದ್ದರೆ ಕಾಂಟಿನೆಂಟಲ್‌ನ ಷೇರುದಾರರಿಗೆ ನಾಮ.

ಲೆಕ್ಕ ಪರಿಶೋಧನೆ ಮಾಡಿದ್ದು ಲಿಬ್ರಾಂಡ್, ರಾಸ್ ಬ್ರದರ್ಸ್ ಅಂಡ್ ಮಾಂಟ್ಗೊಮರಿ ಅನ್ನೋ ದೊಡ್ಡ ಸಂಸ್ಥೆ. ಇಲ್ಲಿ ನೆನಪಿಡಬೇಕಾದ್ದು ಏನಂದ್ರೆ ಅವರಿಗೆ ಇದು ಗೊತ್ತಾಗಲಿಲ್ಲ ಅಂತಲ್ಲ. ಸಹಿ ಹಾಕುವ ಮೊದಲೇ ಗೊತ್ತಾಗಿತ್ತು. ವ್ಯಾಲಿ ಹಣ ಹಿಂದಿರುಗಿಸುವ ಸ್ಥಿತಿಯಲ್ಲಿಲ್ಲ, ಅಷ್ಟೇ ಹಣವನ್ನು ಅದು ರಾತ್‌ಗೆ ಕೊಟ್ಟಿದೆ, ಅವನ ಹತ್ತಿರವೂ ಇಲ್ಲ ಅಂತ ತಿಳಿದಿತ್ತು. ಅದಕ್ಕೇ ಅವರು ಒತ್ತೆ ಕೇಳಿದರು. ರಾತ್ ಮತ್ತವನ ಮನೆಯವರು ತಮ್ಮ ಷೇರು, ಡಿಬೆಂಚರುಗಳನ್ನು ಒತ್ತೆಯಾಗಿ ಕಂಪನಿಯ ವಕೀಲರ ಕೈಗೆ ಕೊಟ್ಟರು. ಆಮೇಲೆ ಬ್ಯಾಲೆನ್ಸ್ ಶೀಟಿಗೆ ಒಂದು ಟಿಪ್ಪಣಿ ಸೇರಿತು. ಅಡಿಟಿಪ್ಪಣಿ ಸಂಖ್ಯೆ ಎರಡು.

ಅದರ ಸಾರಾಂಶ ನನ್ನ ಮಾತಲ್ಲಿ ಹೇಳ್ತೀನಿ. ವ್ಯಾಲಿ ನಮ್ಮ ಸಹಸಂಸ್ಥೆ, ಶ್ರೀ ರಾತ್ ಅದರ ಅಧಿಕಾರಿ, ನಿರ್ದೇಶಕ, ಷೇರುದಾರ. ಅದರಿಂದ ಬರಬೇಕಾದ ಹಣಕ್ಕೆ ವರ್ಷಕ್ಕೆ 12% ಬಡ್ಡಿ ಇದೆ. ಈ ಮೊತ್ತದಲ್ಲಿ ನಾವು ಅವರಿಗೆ ಕೊಡಬೇಕಾದ್ದನ್ನು ಕಳೆದು ಉಳಿದದ್ದಕ್ಕೆ ಷೇರುಪೇಟೆಯಲ್ಲಿ ಮಾರಬಲ್ಲ ಪತ್ರಗಳ ಒತ್ತೆ ಇದೆ. 1963ರ ಫೆಬ್ರವರಿ 15ರ ಬೆಲೆಯಲ್ಲಿ ಆ ಒತ್ತೆಯ ಮೌಲ್ಯ ಬಾಕಿಗಿಂತ ಹೆಚ್ಚೇ ಇದೆ.

ಓದಿದರೆ ಏನನ್ನಿಸುತ್ತೆ? ಸ್ವಂತದವರ ಹೆಸರು ಹೇಳಿದ್ದಾರೆ, ಅಧ್ಯಕ್ಷನ ಸಂಬಂಧ ಹೇಳಿದ್ದಾರೆ, ಬಡ್ಡಿ ಹೇಳಿದ್ದಾರೆ, ಒತ್ತೆಯೂ ಇದೆ. ಇನ್ನೇನು ಬೇಕು? ನಾನೂ ಮೊದಲ ಸಲ ಓದಿದಾಗ ಹಾಗೇ ಅಂದುಕೊಂಡೆ.

ಈಗ ಒಂದೊಂದೇ ಬಿಚ್ಚಿ ನೋಡೋಣ.

‘ಕೊಡಬೇಕಾದ್ದನ್ನು ಕಳೆದು’ ಅನ್ನೋ ಮಾತು. 35 ಲಕ್ಷ 43 ಸಾವಿರದಲ್ಲಿ 10 ಲಕ್ಷ 29 ಸಾವಿರ ಕಳೆದರೆ 25 ಲಕ್ಷ 14 ಸಾವಿರ. ಒತ್ತೆಯ ಬೆಲೆ 29 ಲಕ್ಷ 78 ಸಾವಿರ. ಹೌದು, ಹೆಚ್ಚೇ ಇದೆ. ಆದರೆ ಹಾಗೆ ಕಳೆಯೋಕೆ ಬರೋದಿಲ್ಲ! ಕಾಂಟಿನೆಂಟಲ್ ಬರೆದುಕೊಟ್ಟ ನೋಟುಗಳು ವ್ಯಾಲಿಯ ಪೆಟ್ಟಿಗೆಯಲ್ಲಿಲ್ಲ, ಬ್ಯಾಂಕುಗಳ ಕೈಯಲ್ಲಿವೆ. ‘ವ್ಯಾಲಿ ನನಗೆ ಕೊಡಬೇಕು, ಅದಕ್ಕೆ ನಾನು ನಿಮಗೆ ಕೊಡಲ್ಲ’ ಅಂತ ಬ್ಯಾಂಕಿಗೆ ಹೇಳೋಕಾಗುತ್ತಾ? ಆ ಹತ್ತು ಲಕ್ಷ ಕೊಡಲೇಬೇಕು. ಆದ್ದರಿಂದ ಬಾಕಿ ಪೂರ್ತಿ ಬಾಕಿಯೇ.

ಇನ್ನು ದಿನಾಂಕ. ಒತ್ತೆಯ ಬೆಲೆಯನ್ನು ಫೆಬ್ರವರಿ 15ಕ್ಕೆ ಲೆಕ್ಕ ಹಾಕಿದ್ದಾರೆ. ಬಾಕಿಯನ್ನು ಮಾತ್ರ ಸೆಪ್ಟೆಂಬರ್ 30ಕ್ಕೆ ತೋರಿಸಿದ್ದಾರೆ. ನಡುವಿನ ನಾಲ್ಕೂವರೆ ತಿಂಗಳಲ್ಲಿ ರಾತ್ ಸುಮ್ಮನೆ ಕೂತಿರಲಿಲ್ಲ. ಫೆಬ್ರವರಿ 15ಕ್ಕೆ ಬಾಕಿ 39 ಲಕ್ಷಕ್ಕೆ ಏರಿತ್ತು. ಒಂದೇ ದಿನಾಂಕಕ್ಕೆ ಎರಡನ್ನೂ ಇಟ್ಟು ನೋಡಿದರೆ 39 ಲಕ್ಷದ ಬಾಕಿಗೆ 29 ಲಕ್ಷ 78 ಸಾವಿರದ ಒತ್ತೆ. ಹೆಚ್ಚೂ ಇಲ್ಲ ಏನೂ ಇಲ್ಲ, 9 ಲಕ್ಷ 22 ಸಾವಿರ ಖೋತಾ.

ಕೊನೆಗೆ ಒತ್ತೆ. ‘ಮಾರಬಲ್ಲ ಪತ್ರಗಳು’ ಅಂದರೆ ಯಾವುವು? ಅದರಲ್ಲಿ ಸುಮಾರು 80% ಕಾಂಟಿನೆಂಟಲ್‌ನದೇ ಷೇರು ಮತ್ತು ಡಿಬೆಂಚರುಗಳು. ನಿಮ್ಮ ಹತ್ತಿರ ಸಾಲ ಪಡೆದವನು ವಾಪಸ್ ಕೊಡಲಾರದೆ ನೀವೇ ಮುಳುಗಿದರೆ, ನಿಮ್ಮದೇ ಷೇರಿನ ಒತ್ತೆಗೆ ಏನು ಬೆಲೆ? ಬೇಕಾದಾಗಲೇ ಕರಗಿಹೋಗುವ ಒತ್ತೆ ಅದು. ಕಂಪನಿಯ ಸ್ಥಿತಿಗೆ ಅಂಟಿಕೊಳ್ಳದ ಒತ್ತೆ ಉಳಿದ 20%, ಅಂದರೆ ಸುಮಾರು 6 ಲಕ್ಷ ಡಾಲರ್ ಮಾತ್ರ. ಹೀಗೆ 39 ಲಕ್ಷದ ಬಾಕಿಗೆ ನಂಬಬಹುದಾದ ಒತ್ತೆ 6 ಲಕ್ಷ!

ಇಷ್ಟಾದ ಮೇಲೂ ಮುಖ್ಯವಾದದ್ದು ಉಳೀತು. ಹಣ ಕೊನೆಗೆ ಯಾರ ಕೈ ಸೇರಿತು ಅನ್ನೋದು ಟಿಪ್ಪಣಿಯಲ್ಲಿ ಎಲ್ಲೂ ಇಲ್ಲ. ವ್ಯಾಲಿಯ ಹೆಸರಿದೆ, ರಾತ್‌ನ ಹೆಸರೂ ಇದೆ, ಆದರೆ ನಿರ್ದೇಶಕನಾಗಿ. ಸಾಲಗಾರನಾಗಿ ಅಲ್ಲ. ಟಿಪ್ಪಣಿಯ ಒಂದೊಂದು ಮಾತನ್ನೂ ಬೇರೆಯಾಗಿ ನೋಡಿದರೆ ಅದಕ್ಕೊಂದು ಸಮರ್ಥನೆ ಸಿಗುತ್ತೆ. ಒಟ್ಟಿಗೆ ಓದಿದಾಗ ಸುಳ್ಳು.

ವಾರ್ಷಿಕ ವರದಿ ಷೇರುದಾರರಿಗೆ ಹೋದ ಹೊತ್ತಿಗೇ ಕಂಪನಿ ತೆರಿಗೆ ಇಲಾಖೆಗೆ ಕೊಟ್ಟಿದ್ದ ಚೆಕ್ ಬೌನ್ಸ್ ಆಯ್ತು. ಕೆಲವೇ ದಿನಗಳಲ್ಲಿ ಸರ್ಕಾರ ಕಾರ್ಖಾನೆಗೆ ಬೀಗ ಹಾಕಿತು, ಷೇರಿನ ವಹಿವಾಟು ನಿಂತಿತು, ಒತ್ತೆ ಕರಗಿತು.

*

ರಾತ್ ತಪ್ಪೊಪ್ಪಿಕೊಂಡು ಸರ್ಕಾರದ ಪರ ಸಾಕ್ಷಿ ಹೇಳಿದ. ಕಟಕಟೆಯಲ್ಲಿ ನಿಂತದ್ದು ಮೂವರು ಆಡಿಟರ್‌ಗಳು, ಹಿರಿಯ ಪಾಲುದಾರ ಕಾರ್ಲ್ ಸೈಮನ್ ಮತ್ತು ಇನ್ನಿಬ್ಬರು. ಅವರು ಇದರಿಂದ ಒಂದು ಡಾಲರ್ ಲಾಭ ಮಾಡಿಕೊಂಡರು ಅಂತ ಯಾರೂ ಹೇಳಲಿಲ್ಲ. ಹಿಂದಿನ ವರ್ಷಗಳಲ್ಲಿ ತಮ್ಮ ಸಂಸ್ಥೆ ಸುಮ್ಮನಿದ್ದದ್ದು ಹೊರಗೆ ಬರಬಾರದು ಅಂತ ಮುಚ್ಚಿಟ್ಟರು ಅನ್ನೋದು ಸರ್ಕಾರದ ವಾದ. ಮೊದಲ ಸಲ ಜ್ಯೂರಿಯಲ್ಲಿ ಒಮ್ಮತ ಬರಲಿಲ್ಲ. ಎರಡನೇ ಸಲ ಶಿಕ್ಷೆಯಾಯ್ತು.

ಪ್ರತಿವಾದಿಗಳ ಪರ ಎಂಟು ಜನ ಹೆಸರಾಂತ ಲೆಕ್ಕಪರಿಶೋಧಕರು ಸಾಕ್ಷಿ ಹೇಳಿದ್ದರು. ವ್ಯಾಲಿಯ ಸಾಲ ಮುಂದೆ ರಾತ್‌ಗೆ ಹೋಯ್ತು ಅಂತ ಟಿಪ್ಪಣಿಯಲ್ಲಿ ಬರೆಯಬೇಕು ಅಂತ ಆಗಿನ ಯಾವ ಲೆಕ್ಕ ಪದ್ಧತಿಯೂ ಹೇಳಿರಲಿಲ್ಲ ಅನ್ನೋದು ಅವರ ಮಾತು. ಅದು ನಿಜವೂ ಹೌದು. 1969ರ ಮೇಲ್ಮನವಿಯಲ್ಲಿ ನ್ಯಾಯಾಧೀಶ ಹೆನ್ರಿ ಫ್ರೆಂಡ್ಲಿ ಇದಕ್ಕೆ ಕೊಟ್ಟ ಉತ್ತರವೇ ಈ ಪ್ರಕರಣದ ತಿರುಳು. ಪದ್ಧತಿ ಪಾಲಿಸಿದ್ದೇವೆ ಅನ್ನೋದು ಬಲವಾದ ಸಾಕ್ಷ್ಯ, ಆದರೆ ಅದೇ ಕೊನೆಯ ಮಾತಲ್ಲ. ಓದುವವನಿಗೆ ನಿಜವಾದ ಚಿತ್ರ ಸಿಕ್ಕಿತಾ ಅನ್ನೋದೇ ಪರೀಕ್ಷೆ. ಕಂಪನಿಯ ಹಣವನ್ನು ಅಧ್ಯಕ್ಷನೇ ತನಗಾಗಿ ತೆಗೀತಿದ್ದಾನೆ ಅಂತ ಗೊತ್ತಾದ ಮೇಲೆ ನಿಯಮಪುಸ್ತಕದ ಹಿಂದೆ ಅಡಗಿ ಕೂರೋಕಾಗಲ್ಲ. ಇದು ಅವರ ತೀರ್ಪಿನ ಭಾವ. ಶಿಕ್ಷೆ ಅಂದರೆ ದಂಡ ಮಾತ್ರ, ಮೂವರಿಗೂ ಸೇರಿ 17 ಸಾವಿರ ಡಾಲರ್. 1972ರಲ್ಲಿ ಅಧ್ಯಕ್ಷ ನಿಕ್ಸನ್ ಅವರಿಗೆ ಕ್ಷಮೆಯನ್ನೂ ಕೊಟ್ಟರು. ಆದರೆ ತೀರ್ಪು ಉಳಿಯಿತು. 1975ರಲ್ಲಿ ಅಮೆರಿಕದ ಆಡಿಟರ್‌ಗಳ ಸಂಸ್ಥೆ ಸ್ವಂತದವರ ವ್ಯವಹಾರವನ್ನು ಹೇಗೆ ಹುಡುಕಬೇಕು ಅಂತಲೇ ಒಂದು ಪ್ರತ್ಯೇಕ ನಿಯಮ ಹೊರಡಿಸಿತು.

*

ಈಗ ನನ್ನ ನೋಟ್‌ಬುಕ್.

ಅದು ಒಂದು ಫೈನಾನ್ಸ್ ಕಂಪನಿ. ಹೆಸರು ಬೇಡ, ಈಗ ಅದು ಇಲ್ಲ. ತೊಂಬತ್ತರ ದಶಕದಲ್ಲಿ ಬೀದಿಗೊಂದು ಇದ್ದವಲ್ಲ, ಬ್ಯಾಂಕಿಗಿಂತ ಹೆಚ್ಚು ಬಡ್ಡಿ ಕೊಡ್ತೀವಿ ಅಂತ ಜನರಿಂದ ಠೇವಣಿ ತಗೊಳ್ಳೋವು, ಅಂಥದ್ದು. ನನ್ನ ಕೆಲಸ ಸಾಲದ ಪಟ್ಟಿ ಪರಿಶೀಲಿಸೋದು. ಸಾಲಗಾರರಿಂದ ‘ಹೌದು, ಇಷ್ಟು ಬಾಕಿ ಇದೆ’ ಅಂತ ಬಂದ ದೃಢೀಕರಣ ಪತ್ರಗಳನ್ನು ಒಂದೊಂದಾಗಿ ಟಿಕ್ ಹಾಕ್ತಾ ಬಂದೆ. ನಾಲ್ಕು ಸಂಸ್ಥೆಗಳ ಲೆಟರ್‌ಹೆಡ್‌ನಲ್ಲಿ ಹೆಸರು ಬೇರೆ ಬೇರೆ, ಫೋನ್ ನಂಬರ್ ಒಂದೇ. ಹಾಗಂತ ಬರೆದುಕೊಂಡೆ.

ಇನ್ನೊಂದು ವಿಷಯವನ್ನೂ ಬರೆದುಕೊಂಡಿದ್ದೆ, ಅದು ಈಗ ನೋಡಿದಾಗ ಮೈ ಜುಂ ಅಂತು. ಅದರಲ್ಲಿ ಒಂದು ಸಂಸ್ಥೆಗೆ 12 ಲಕ್ಷ ಸಾಲ, ಬಡ್ಡಿ 18%. ವರ್ಷದ ಬಡ್ಡಿ 2 ಲಕ್ಷ 16 ಸಾವಿರ ಮಾರ್ಚ್ 30ರಂದು ಸರಿಯಾಗಿ ಬಂದಿದೆ. ಏಪ್ರಿಲ್ 4ರಂದು ಅದೇ ಸಂಸ್ಥೆಗೆ ‘ಹೆಚ್ಚುವರಿ ಸಾಲ’ ಎರಡೂವರೆ ಲಕ್ಷ ಹೋಗಿದೆ. ಉಳಿದ ಮೂರರದ್ದೂ ಇದೇ ಚಾಳಿ. ಬಡ್ಡಿ ಕಟ್ಟಲು ಎಲ್ಲಿಂದಲೋ ಐದು ದಿನಕ್ಕೆ ಕೈಗಡ ತಂದು, ಕಂಪನಿಯ ಹಣದಿಂದಲೇ ಅದನ್ನು ತೀರಿಸಿದ್ದಾರೆ. ಅಂದರೆ ಕಂಪನಿ ತನ್ನ ಬಡ್ಡಿಯನ್ನು ತಾನೇ ಕೊಟ್ಟುಕೊಂಡಿದೆ. ಮಾರ್ಚ್ 31ರ ಬಾಕಿಯನ್ನಷ್ಟೇ ನೋಡಿದರೆ ಸಾಲ ಬಹಳ ಚೊಕ್ಕ. ಆಚೆ ಈಚೆ ಒಂದೊಂದು ವಾರ ನೋಡಿದರೆ ಬಣ್ಣ ಬಯಲು.

ನಮ್ಮ ಹಿರಿಯರಿಗೆ ತೋರಿಸಿದೆ. ಅವರು ಒಳ್ಳೆಯವರೇ. ‘ಡೈರೆಕ್ಟರ್‌ಗಳ ರಿಜಿಸ್ಟರ್ ನೋಡಿದ್ಯಾ?’ ಅಂದರು.

‘ನೋಡ್ದೆ ಸರ್. ಈ ನಾಲ್ಕೂ ಹೆಸರು ಅದರಲ್ಲಿಲ್ಲ.’

‘ಮತ್ತಿನ್ನೇನು? ಅವರು ಬರೆದುಕೊಟ್ಟ ಡಿಕ್ಲರೇಶನ್ ಫೈಲ್‌ಗೆ ಹಾಕು, ಮುಂದಿನ ಕೆಲಸ ನೋಡು.’

ಹಾಕಿದೆ. ಮುಂದಿನ ಕೆಲಸ ನೋಡಿದೆ.

ತಪ್ಪು ಎಲ್ಲಾಯ್ತು ಅನ್ನೋದು ಈಗ ಗೊತ್ತಾಗುತ್ತೆ. ಆ ರಿಜಿಸ್ಟರ್ ಬರೆಯೋದು ನಿರ್ದೇಶಕರು ಏನು ಹೇಳ್ತಾರೋ ಅದರ ಮೇಲೆ. ಅವರು ಹೇಳದ್ದು ಅದರಲ್ಲಿ ಇರೋದಿಲ್ಲ. ಪಟ್ಟಿಯಲ್ಲಿ ಇರುವ ಹೆಸರುಗಳನ್ನು ಎಷ್ಟು ಸಲ ಪರೀಕ್ಷಿಸಿದರೂ ಅದರಲ್ಲಿ ಇಲ್ಲದ ಹೆಸರು ಕಾಣಿಸಿಕೊಳ್ಳೋದಿಲ್ಲ. ಮದುವೆ ಊಟಕ್ಕೆ ಬಂದವರನ್ನು ಎಣಿಸಿದರೆ ಆಮಂತ್ರಣ ತಲುಪದವರು ಯಾರು ಅಂತ ಗೊತ್ತಾಗುತ್ತಾ? ಸುಳ್ಳು ಸಾಲ ಹುಡುಕಬೇಕಾದರೆ ಪಟ್ಟಿಯಿಂದ ಹೊರಗೆ ಹೋಗಬೇಕು. ಬಿಟ್ಟುಹೋದದ್ದು ಹುಡುಕಬೇಕಾದರೆ ಹೊರಗಿನಿಂದ ಪಟ್ಟಿಗೆ ಬರಬೇಕು. ನಾನು ನಡೆದದ್ದು ಉಲ್ಟಾ ದಾರಿ.

ಹೊರಗಿನಿಂದ ಬರೋದು ಅಂದರೆ ಹೇಗೆ? ಮೊದಲು ಕಂಪನಿಯನ್ನು ಕೇಳದೆ ನಮ್ಮದೇ ಪಟ್ಟಿ ಮಾಡಿಕೊಳ್ಳೋದು. ಕಂಪನಿ ರಿಜಿಸ್ಟ್ರಾರರ ಹತ್ತಿರ ಇರುವ ದಾಖಲೆಗಳಲ್ಲಿ ಒಬ್ಬೊಬ್ಬ ನಿರ್ದೇಶಕ ಬೇರೆ ಎಲ್ಲೆಲ್ಲಿ ನಿರ್ದೇಶಕ, ಅಲ್ಲಿ ಅವನ ಜೊತೆ ಯಾರಿದ್ದಾರೆ, ಷೇರು ಯಾರ ಹೆಸರಲ್ಲಿ, ನೋಂದಾಯಿತ ವಿಳಾಸ ಎಲ್ಲಿ ಅಂತ ನೋಡೋದು. ಆಗ ಅದಕ್ಕೆ ಕಚೇರಿಗೆ ಅಲೆದು, ಶುಲ್ಕ ಕಟ್ಟಿ, ಫೈಲು ತರಿಸಬೇಕಿತ್ತು. 2006ರಿಂದ ಇವೆಲ್ಲ ಕಂಪ್ಯೂಟರ್‌ಗೆ ಬಂತು. ಆಮೇಲೆ ಆ ಪಟ್ಟಿಯನ್ನು ಕಂಪನಿಯ ಸಾಲಗಾರರು, ಸರಕು ಕೊಡುವವರು, ಬಾಡಿಗೆ ಪಡೆಯುವವರು, ಮುಂಗಡ ಪಡೆದವರು ಎಲ್ಲರ ಪಟ್ಟಿಯ ಎದುರಿಗೆ ಇಡೋದು. ಹೆಸರನ್ನಷ್ಟೇ ಅಲ್ಲ, ವಿಳಾಸ, ಫೋನ್, ಬ್ಯಾಂಕ್ ಖಾತೆ ಎಲ್ಲವನ್ನೂ.

ಹೆಸರನ್ನಷ್ಟೇ ಅಲ್ಲ ಅಂದದ್ದಕ್ಕೆ ಕಾರಣ ಇದೆ. ನಮ್ಮ ಕಡೆಯ ಹೆಸರುಗಳ ಫಜೀತಿ ನಿಮಗೆ ಗೊತ್ತೇ ಇದೆ. ಒಂದು ಕಡೆ ಇನಿಶಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ, ಒಂದರಲ್ಲಿ ಊರಿನ ಹೆಸರು, ಇನ್ನೊಂದರಲ್ಲಿ ಅಪ್ಪನ ಹೆಸರು. ಹೆಣ್ಣುಮಕ್ಕಳಿಗೆ ಮದುವೆಯಾದರೆ ಇನಿಶಿಯಲ್ಲೇ ಬದಲು. ಇಂಗ್ಲಿಷಿನಲ್ಲಿ ಬರೆದಾಗ ಒಬ್ಬರೇ ಮೂರು ಜನ ಆಗಿಬಿಡ್ತಾರೆ. ಬೇಕೂಂತ ಸುಳ್ಳು ಹೇಳದಿದ್ದರೂ ಹೆಸರು ಹೊಂದಾಣಿಕೆಯಾಗೋದಿಲ್ಲ. ಈಗ ಇದಕ್ಕೆ ಒಂದು ಒಳ್ಳೇ ಉಪಾಯ ಇದೆ. ಜಿಎಸ್‌ಟಿ ನಂಬರಿನ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಸಂಖ್ಯೆ, ಮುಂದಿನ ಹತ್ತು ಪ್ಯಾನ್ ನಂಬರು. ಅಂಗಡಿಯ ಬೋರ್ಡಿನಲ್ಲಿ ಏನೇ ಹೆಸರಿರಲಿ, ಒಬ್ಬನೇ ಮಾಲೀಕನಾದರೆ ಅವನ ಸ್ವಂತ ಪ್ಯಾನ್ ಬಿಲ್ಲಿನ ಮೇಲೇ ಅಚ್ಚಾಗಿರುತ್ತೆ. ‘ಶ್ರೀ ಅದು ಇದು ಟ್ರೇಡರ್ಸ್’ ನಿರ್ದೇಶಕರ ಹೆಂಡತಿಯದ್ದು ಅಂತ ತಿಳಿಯೋಕೆ ಎರಡು ನಂಬರ್ ಪಕ್ಕಪಕ್ಕ ಇಟ್ಟರೆ ಸಾಕು.

ಎರಡನೇ ದಾರಿ, ಹೆಸರು ಬಿಟ್ಟು ವ್ಯವಹಾರದ ಆಕಾರ ನೋಡೋದು. ಹೊರಗಿನವರು ಮಾಡದ ವ್ಯವಹಾರ ಎಲ್ಲಿದೆ? ಬರಹದಲ್ಲಿ ಕರಾರಿಲ್ಲದ ದೊಡ್ಡ ಮುಂಗಡ. ವರ್ಷಗಟ್ಟಲೆ ಸರಕು ಬಾರದಿದ್ದರೂ ಯಾರೂ ಕೇಳದ ಮುಂಗಡ. ಮಾರ್ಚ್‌ನಲ್ಲಿ ಬಂದು ಏಪ್ರಿಲ್‌ನಲ್ಲಿ ಹೋಗುವ ದುಂಡು ಮೊತ್ತ. ಇಂಥವು ಸಿಕ್ಕಾಗ ‘ಇವರು ಸ್ವಂತದವರಾ?’ ಅಂತ ಕೇಳಿದರೆ ಉತ್ತರ ‘ಅಲ್ಲ’ ಅಂತಲೇ ಬರುತ್ತೆ. ‘ಇವರಿಗೆ ಇಷ್ಟು ಹಣ ಯಾಕೆ ಕೊಟ್ಟಿರಿ, ಯಾರು ಒಪ್ಪಿಗೆ ಕೊಟ್ಟರು, ಅವರು ಅದನ್ನು ಏನು ಮಾಡಿದರು’ ಅಂತ ಕೇಳಬೇಕು. ಕಾಂಟಿನೆಂಟಲ್‌ನಲ್ಲಿ ಉತ್ತರ ಇದ್ದದ್ದು ಈ ಕೊನೆಯ ಪ್ರಶ್ನೆಯಲ್ಲಿ.

ಕೊನೆಗೆ ಟಿಪ್ಪಣಿಯನ್ನು ಕೈಗೆತ್ತಿಕೊಳ್ಳೋದು. ವರ್ಷದ ಕೊನೆಯ ಬಾಕಿಯ ಜೊತೆ ವರ್ಷವಿಡೀ ಎಷ್ಟು ಹೋಗಿ ಎಷ್ಟು ಬಂತು ಅಂತ ಇದೆಯಾ? ಕೊಡೋದನ್ನೂ ಬರೋದನ್ನೂ ಕಳೆದು ತೋರಿಸಿದ್ದಾರಾ, ಹಾಗೆ ಕಳೆಯುವ ಹಕ್ಕು ಇದೆಯಾ? ಒತ್ತೆ ಯಾವುದು, ಯಾವ ದಿನದ ಬೆಲೆ? ಕಂಪನಿ ಇವರ ಪರವಾಗಿ ಬ್ಯಾಂಕಿಗೆ ಜಾಮೀನು ನಿಂತಿದೆಯಾ? ಜಾಮೀನು ಕಂಪನಿಯ ಖಾತೆಯಲ್ಲಿ ಎಲ್ಲೂ ಕಾಣೋದಿಲ್ಲ, ಬ್ಯಾಂಕಿಗೇ ಪತ್ರ ಬರೆದು ಕೇಳಬೇಕು.

ಇಷ್ಟೆಲ್ಲ ಮಾಡಿದರೂ ತಪ್ಪಿಸಿಕೊಳ್ಳೋರು ಇದ್ದಾರೆ, ಅದನ್ನೂ ಹೇಳಬೇಕು. ಡ್ರೈವರ್ ಹೆಸರಲ್ಲಿ, ಅಡುಗೆಯವನ ಹೆಸರಲ್ಲಿ ಸಂಸ್ಥೆ ಮಾಡಿದರೆ ಯಾವ ದಾಖಲೆಯಲ್ಲೂ ಸಂಬಂಧ ಕಾಣೋದಿಲ್ಲ. ಇನ್ನೊಬ್ಬರ ಖಾತೆ ಪುಸ್ತಕ ತೆರೆಸುವ ಅಧಿಕಾರ ಆಡಿಟರ್‌ಗಿಲ್ಲ. ಆಗ ಉಳಿಯೋದು ವ್ಯವಹಾರದ ಆಕಾರ ಒಂದೇ. ಕೊಟ್ಟ ಉತ್ತರ ನಂಬುವಂಥದ್ದಲ್ಲದಿದ್ದರೆ, ಸಂಬಂಧ ಸಾಬೀತಾಗದಿದ್ದರೂ ‘ಈ ಹಣ ಬರುತ್ತೆ ಅನ್ನೋದಕ್ಕೆ ನನಗೆ ಸಾಕ್ಷ್ಯ ಸಿಗಲಿಲ್ಲ’ ಅಂತ ವರದಿಯಲ್ಲಿ ಬರೆಯಬಹುದು. ಅಷ್ಟು ಮಾಡೋಕೆ ನನ್ನ ಪೆನ್ಸಿಲ್ ಚಿಹ್ನೆ ಸಾಕಾಗಿತ್ತು.

*

ಎರಡು ಮೂರು ವರ್ಷದಲ್ಲಿ ಆ ಫೈನಾನ್ಸ್ ಬಾಗಿಲು ಹಾಕಿತು. ನಾಲ್ಕೂ ಸಂಸ್ಥೆಗಳು ಮ್ಯಾನೇಜಿಂಗ್ ಡೈರೆಕ್ಟರ್‌ನ ಭಾವಮೈದನವು ಅಂತ ಆಮೇಲೆ ಹೊರಗೆ ಬಂತು. ತಮಾಷೆ ಕೇಳಿ. 1956ರ ಕಂಪನಿ ಕಾಯ್ದೆಯಲ್ಲಿ ಸಂಬಂಧಿಕರು ಅಂದರೆ ಯಾರು ಅಂತ ಉದ್ದದ ಪಟ್ಟಿಯೇ ಇತ್ತು. ಅಕ್ಕನ ಗಂಡ ಇದ್ದ, ಅಣ್ಣನ ಹೆಂಡತಿ ಇದ್ದಳು, ಹೆಂಡತಿಯ ತಮ್ಮ ಮಾತ್ರ ಇರಲಿಲ್ಲ! ನಮ್ಮ ಮನೆಗಳಲ್ಲಿ ಭಾವಮೈದನಿಲ್ಲದೆ ಒಂದು ಕೆಲಸ ಆಗುತ್ತಾ? ಆಮೇಲೆ 2001ರಿಂದ ಸ್ವಂತದವರ ವ್ಯವಹಾರ ತಿಳಿಸುವ ಲೆಕ್ಕ ಮಾನದಂಡ ಬಂತು, 2013ರಲ್ಲಿ ಹೊಸ ಕಾಯ್ದೆ ಬಂತು. ಎರಡರ ಪಟ್ಟಿಯಲ್ಲೂ ಭಾವಮೈದನ ಹೆಸರಿಲ್ಲ. ಪಟ್ಟಿ ಮಾಡಿದಷ್ಟೂ ಪಟ್ಟಿಯ ಹೊರಗೊಬ್ಬ ಸಿಕ್ಕೇ ಸಿಗ್ತಾನೆ.

ಅದಕ್ಕೇ ನನಗೆ ಖುಷಿಯಾಗಿದ್ದು ಸೆಬಿ ಮಾಡಿದ ಒಂದು ತಿದ್ದುಪಡಿ. 2023ರ ಏಪ್ರಿಲ್ 1ರಿಂದ, ಷೇರುಪೇಟೆಯಲ್ಲಿರುವ ಕಂಪನಿ ಯಾರೋ ಹೊರಗಿನವರ ಜೊತೆ ಮಾಡಿದ ವ್ಯವಹಾರವೂ, ಅದರ ಉದ್ದೇಶ ಮತ್ತು ಪರಿಣಾಮ ಸ್ವಂತದವರಿಗೆ ಲಾಭ ಮಾಡೋದೇ ಆಗಿದ್ದರೆ, ಸ್ವಂತದವರ ವ್ಯವಹಾರವೇ. ಹೆಸರಿನ ಪಟ್ಟಿ ಬಿಟ್ಟು ಹಣದ ಹಿಂದೆ ಹೋಗುವ ನಿಯಮ ಇದು. ಕಾಂಟಿನೆಂಟಲ್‌ನ ಆ ಟಿಪ್ಪಣಿ ಅಚ್ಚಾಗಿ ಅಷ್ಟೊತ್ತಿಗೆ ಸರಿಯಾಗಿ 60 ವರ್ಷ. ಆ ಎಂಟು ಸಾಕ್ಷಿಗಳು ‘ಪದ್ಧತಿಯಲ್ಲಿ ಇಲ್ಲ’ ಅಂದ ಮಾತನ್ನು ಇಲ್ಲಿಯ ನಿಯಮ ಕೊನೆಗೂ ತನ್ನೊಳಗೆ ಬರೆದುಕೊಂಡಿತು.

ಕಥೆ ಇಲ್ಲಿಗೆ ಮುಗಿಸಬಹುದಿತ್ತು, ಆದರೆ ಒಂದು ಉಳಿದಿದೆ. ನಮ್ಮಪ್ಪನ ಸ್ನೇಹಿತರೊಬ್ಬರು ಮೇಷ್ಟ್ರು, ನನಗೂ ಗಣಿತ ಹೇಳಿಕೊಟ್ಟವರು. ನಿವೃತ್ತಿಯಾದಾಗ ಬಂದ ಹಣದಲ್ಲಿ 40 ಸಾವಿರ ಆ ಫೈನಾನ್ಸಿನಲ್ಲಿ ಇಟ್ಟಿದ್ದರು. ಇಡುವ ಮುಂಚೆ ನನ್ನನ್ನು ಕೇಳಿದ್ದರು. ‘ಅಲ್ಲಿ ಲೆಕ್ಕ ನೋಡೋಕೆ ನೀನೇ ಹೋಗ್ತೀಯಂತಲ್ಲಪ್ಪ, ಹೇಗಿದೆ?’ ನಾನು ‘ಕಚೇರಿ ವಿಷಯ ಹೊರಗೆ ಹೇಳಬಾರದು ಮೇಷ್ಟ್ರೇ’ ಅಂದಿದ್ದೆ. ಅದು ಸರಿಯಾದ ಉತ್ತರವೇ. ಆದರೆ ಅವರು ನಕ್ಕು, ‘ನೀವು ನೋಡ್ತೀರಲ್ಲ, ಅಷ್ಟು ಸಾಕು’ ಅಂದರು. ಮುಚ್ಚಿದ ಮೇಲೆ ಸಿಕ್ಕಾಗಲೂ ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತೆ. ಅವರಿಗೆ ಬಾಯಿಬಿಟ್ಟು ಹೇಳುವಂತಿರಲಿಲ್ಲ ನಿಜ. ಆದರೆ ಹೇಳಬೇಕಾದ ಜಾಗ ಒಂದಿತ್ತು, ಎಲ್ಲರೂ ಓದಬಹುದಾದ ಆ ಸಣ್ಣ ಅಕ್ಷರದ ಟಿಪ್ಪಣಿ. ಅಲ್ಲೂ ಬರಲಿಲ್ಲ.

ನೋಟ್‌ಬುಕ್ಕನ್ನು ವಾಪಸ್ ಅಟ್ಟಕ್ಕೆ ಹಾಕಿಲ್ಲ, ಮೇಜಿನ ಮೇಲೇ ಇದೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಷೇರು ಇದ್ದರೆ, ಮುಂದಿನ ಸಲ ವಾರ್ಷಿಕ ವರದಿ ಬಂದಾಗ ಬಣ್ಣದ ಫೋಟೋಗಳನ್ನು ದಾಟಿ ಹಿಂದಿನ ಪುಟಗಳಲ್ಲಿ ಆ ಟಿಪ್ಪಣಿ ಹುಡುಕಿ ಓದಿ. ಸಾಲ ಪಡೆದವರ ಹೆಸರು ಸಿಕ್ಕಿದ ಮೇಲೆ ಅಲ್ಲಿಗೇ ನಿಲ್ಲಬೇಡಿ, ಅವರು ಅದನ್ನು ಯಾರಿಗೆ ಕೊಟ್ಟರು ಅಂತ ಕೇಳಿ. ಏನಾದರೂ ವಿಚಿತ್ರ ಕಂಡರೆ ಇಲ್ಲಿ ಬರೆದು ತಿಳಿಸಿ, ಒಟ್ಟಿಗೆ ಕೂತು ಬಿಡಿಸೋಣ.